ಮೂರು ಬ್ಯಾಚಿನ ಶೇಂಗಾ ಚಟ್ನಿ: ಒಂದು ಸೂಚನಾಪತ್ರವನ್ನು ಓದುವ ಬಗೆ

ಖಡಕ್ ರೊಟ್ಟಿಯ ಬುತ್ತಿಗೆ ಶೇಂಗಾ ಚಟ್ನಿ ಜೊತೆಯಾಗಿರುವುದು ನಮ್ಮ ವಿಜಯಪುರ ಸೀಮೆಯ ವಾಡಿಕೆ. ಹಿಂದೆ ಪ್ರತಿ ಮನೆಯಲ್ಲೂ ಒರಳಲ್ಲಿ ಕುಟ್ಟುತ್ತಿದ್ದ ಈ ಚಟ್ನಿಯನ್ನು ಈಗ ಅನೇಕರು ಪೊಟ್ಟಣದಲ್ಲಿ ಕೊಳ್ಳುತ್ತಾರೆ. ಅದನ್ನು ತಯಾರಿಸುವವರು ದೊಡ್ಡ ಕಾರ್ಖಾನೆಯವರಲ್ಲ. ಮನೆಯ ಹಿಂದಿನ ಕೋಣೆಯಲ್ಲಿ ಒಂದು ಹುರಿಯುವ ಯಂತ್ರ, ಒಂದು ಕುಟ್ಟುವ ಯಂತ್ರ, ಮೂರು ನಾಲ್ಕು ಮಂದಿ ತಾಯಂದಿರು, ಒಂದು ತೂಕದ ತಕ್ಕಡಿ, ಇಷ್ಟೇ ಅವರ ಬಂಡವಾಳ. ಇಂಥ ಸಣ್ಣ ತಯಾರಕರೊಬ್ಬರು ಒಂದು ದಿನ ಅಂಗಡಿಯ ಬಾಗಿಲಿಗೆ ‘ಈ ಬ್ಯಾಚಿನ ಚಟ್ನಿಯನ್ನು ತಿನ್ನಬೇಡಿರಿ’ ಎಂದು ಕಾಗದ ಅಂಟಿಸಿದರೆ ನಾವು ಅದನ್ನು ಹೇಗೆ ಓದಬೇಕು? ಪಾತ್ರೆಯಲ್ಲಿ ಉಳಿದಿರುವ ಚಟ್ನಿಯನ್ನು ಏನು ಮಾಡಬೇಕು? ನಿನ್ನೆಯವರೆಗೆ ತಿಂದದ್ದಕ್ಕೆ ಎಷ್ಟು ಚಿಂತಿಸಬೇಕು? ಈ ತಿಂಗಳ ಆರೋಗ್ಯ ವಿಭಾಗದಲ್ಲಿ ಈ ಮೂರು ಪ್ರಶ್ನೆಗಳನ್ನು ಮಾತ್ರ ಎತ್ತಿಕೊಂಡಿದ್ದೇವೆ.

ವಿಷಯ ಸ್ಪಷ್ಟವಾಗಲೆಂದು ಒಂದು ಕಲ್ಪಿತ ಪ್ರಸಂಗವನ್ನು ಇಟ್ಟುಕೊಳ್ಳೋಣ. ಜೋರಾಪುರ ಪೇಟೆಯಲ್ಲಿ ಒಬ್ಬ ತಾಯಿ ಶೇಂಗಾ ಚಟ್ನಿ ತಯಾರಿಸುತ್ತಾರೆ ಎಂದು ಭಾವಿಸಿರಿ. ಒಮ್ಮೆಗೆ 12 ಕಿಲೋ ಶೇಂಗಾ ಕಾಳು ಹುರಿದು, ಸಿಪ್ಪೆ ತೂರಿ, ಒಣ ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಸೇರಿಸಿ ಕುಟ್ಟಿದರೆ ಸುಮಾರು 13 ಕಿಲೋ ಚಟ್ನಿಯಾಗುತ್ತದೆ. ಅದರಿಂದ 200 ಗ್ರಾಂನ 65 ಪೊಟ್ಟಣಗಳು. ಒಂದು ಸಲ ಹೀಗೆ ಕುಟ್ಟಿ ತುಂಬಿದ ಈ 65 ಪೊಟ್ಟಣಗಳಿಗೆ ಒಂದೇ ಸಂಖ್ಯೆ. ಅದನ್ನೇ ಬ್ಯಾಚ್ ಸಂಖ್ಯೆ ಎನ್ನುವುದು. ಪೊಟ್ಟಣದ ಹಿಂಬದಿಯಲ್ಲಿ, ತಯಾರಿಸಿದ ದಿನಾಂಕದ ಪಕ್ಕದಲ್ಲಿ, ಒಮ್ಮೊಮ್ಮೆ ಮಾಸಿದ ಶಾಯಿಯಲ್ಲಿ ಅದು ಇರುತ್ತದೆ. ನಮ್ಮಲ್ಲಿ ಬೆಲೆಯನ್ನು ನೋಡದವರಿಲ್ಲ, ಬ್ಯಾಚ್ ಸಂಖ್ಯೆಯನ್ನು ನೋಡುವವರು ವಿರಳ.

ಒಬ್ಬ ಗ್ರಾಹಕರು ಬಂದು ‘ಈ ಸಲದ ಚಟ್ನಿ ಒಂದೊಂದು ತುತ್ತಿಗೆ ಕಹಿ ಬರುತ್ತದವ್ವಾ’ ಎನ್ನುತ್ತಾರೆ. ತಾಯಿ ಆ ಮಾತನ್ನು ತಳ್ಳಿಹಾಕದೆ, ಆ ಚಟ್ನಿಗೆ ಬಳಸಿದ ಚೀಲದ ತಳದಲ್ಲಿ ಉಳಿದಿದ್ದ ಒಂದು ಹಿಡಿ ಕಾಳನ್ನು ತೆಗೆದು ಒಂದೊಂದಾಗಿ ಎರಡು ಹೋಳು ಮಾಡಿ ನೋಡುತ್ತಾರೆ. ಹೊರಗಿನಿಂದ ಚೆನ್ನಾಗಿಯೇ ಕಾಣುವ ಕೆಲವು ಕಾಳುಗಳ ಒಳಗೆ, ಎರಡು ಬೇಳೆಗಳು ಕೂಡುವ ಪೊಳ್ಳಿನಲ್ಲಿ, ಹಳದಿ ಮಿಶ್ರಿತ ಹಸಿರು ಬೂಷ್ಟು ಕಾಣುತ್ತದೆ. ಕೆಲವು ಕಾಳು ಸುಕ್ಕುಗಟ್ಟಿ ಕಂದಿವೆ. ಅವರು ಚಟ್ನಿಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅಫ್ಲಾಟಾಕ್ಸಿನ್ ಎಂಬ ವಿಷವು ಕಿಲೋ ಒಂದಕ್ಕೆ 38 ಮೈಕ್ರೋಗ್ರಾಂ ಇದೆಯೆಂದು ವರದಿ ಬರುತ್ತದೆ. ನೇರವಾಗಿ ತಿನ್ನಲು ಸಿದ್ಧವಾದ ಶೇಂಗಾದಂಥ ಪದಾರ್ಥಗಳಲ್ಲಿ ನಮ್ಮ ದೇಶದ ನಿಯಮವು ಒಪ್ಪುವ ಮಿತಿ ಕಿಲೋಗೆ 10 ಮೈಕ್ರೋಗ್ರಾಂ. ಒಂದು ಗ್ರಾಂನ್ನು ಹತ್ತು ಲಕ್ಷ ಭಾಗ ಮಾಡಿದರೆ ಬರುವ ಒಂದು ಭಾಗವೇ ಮೈಕ್ರೋಗ್ರಾಂ.

ಕಾಣದ ವಿಷ

ಈ ವಿಷವನ್ನು ಮಾಡುವುದು ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು. ಅದು ಮಣ್ಣಿನಲ್ಲಿಯೇ ಇರುತ್ತದೆ. ಶೇಂಗಾ ಕಾಯಿ ನೆಲದೊಳಗೆ ಬಲಿಯುವುದರಿಂದ ಅದಕ್ಕೂ ಇದಕ್ಕೂ ಹೊಲದಲ್ಲಿಯೇ ಸಂಬಂಧ ಬೆಳೆಯುತ್ತದೆ. ಕಾಯಿ ಬಲಿಯುವ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟು ನೆಲ ಕಾದರೆ ಗಿಡ ಸೊರಗಿ ಬೂಷ್ಟಿಗೆ ದಾರಿಯಾಗುತ್ತದೆ. ಕಿತ್ತ ಮೇಲೆ ಮಳೆ ಬಂದು ಬಣವೆ ತೊಯ್ದರೂ, ಅರೆ ಒಣಗಿದ ಕಾಯಿಯನ್ನು ಚೀಲದಲ್ಲಿ ತುಂಬಿದರೂ ಹಾಗೆಯೇ. ಕಾಯಿಯನ್ನು ಅಲುಗಿಸಿದರೆ ಒಳಗಿನ ಕಾಳು ಗಿಲಿಗಿಲಿ ಎನ್ನಬೇಕು ಎಂಬ ಹಿರಿಯರ ಪರೀಕ್ಷೆ ಸುಮ್ಮನೆ ಬಂದದ್ದಲ್ಲ. ಒಣಗಿದ ಕಾಳಿನಲ್ಲಿ ತೇವ ನೂರಕ್ಕೆ 7-8 ಭಾಗಕ್ಕೆ ಇಳಿದರೆ ಈ ಬೂಷ್ಟು ಬೆಳೆಯಲಾರದು. ಮುಂದೆ ಉಗ್ರಾಣದಲ್ಲಿ ಸೋರಿಕೆಯ ಮೂಲೆಗೆ ಚೀಲ ಇಟ್ಟರೆ ಮತ್ತೆ ಅದೇ ಕಥೆ.

ಬೂಷ್ಟು ಬೇರೆ, ವಿಷ ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು. ಬೂಷ್ಟು ಹುರಿದರೆ ಸಾಯುತ್ತದೆ. ಅದು ಬಿಟ್ಟುಹೋದ ವಿಷ ಸಾಯುವುದಿಲ್ಲ. ಹುರಿಯುವಾಗ ಅಫ್ಲಾಟಾಕ್ಸಿನ್ನಿನ ಒಂದು ಪಾಲು ಕಡಿಮೆಯಾಗುವುದುಂಟು, ಪೂರ್ತಿಯಾಗಿ ಹೋಗುವುದಿಲ್ಲ. ಅಡುಗೆಯ ಕುದಿತಕ್ಕಂತೂ ಅದು ಜಗ್ಗುವುದೇ ಇಲ್ಲ. ಆದುದರಿಂದ ‘ಇನ್ನೊಮ್ಮೆ ಹುರಿದುಕೊಂಡರಾಯಿತು’, ‘ಬಿಸಿಲಿಗೆ ಹಾಕಿದರಾಯಿತು’, ‘ಒಗ್ಗರಣೆ ಕೊಟ್ಟು ತಿಂದರಾಯಿತು’ ಎಂಬ ಮನೆಮದ್ದುಗಳು ಇಲ್ಲಿ ನಡೆಯುವುದಿಲ್ಲ. ವಿಷಕ್ಕೆ ತನ್ನದೇ ಆದ ವಾಸನೆಯಿಲ್ಲ, ಬಣ್ಣವಿಲ್ಲ, ರುಚಿಯಿಲ್ಲ. ನಮ್ಮ ಪ್ರಸಂಗದ ಗ್ರಾಹಕರಿಗೆ ಕಹಿ ತಾಗಿದ್ದು ಕೆಟ್ಟ ಕಾಳಿನ ರುಚಿ. ಅದು ವಿಷ ಇರಬಹುದೆಂಬ ಸುಳಿವು ಕೊಟ್ಟಿತು, ಅಷ್ಟೇ. ಕಹಿಯಿಲ್ಲದ ಪೊಟ್ಟಣದಲ್ಲಿ ವಿಷವಿಲ್ಲವೆಂದು ಅದರಿಂದ ಹೇಳಲಾಗದು. ಆದುದರಿಂದಲೇ ಸರಿಯಾದ ಸೂಚನಾಪತ್ರವು ‘ರುಚಿ ನೋಡಿ ತೀರ್ಮಾನಿಸಬೇಡಿರಿ’ ಎಂದು ಹೇಳಿಯೇ ಹೇಳುತ್ತದೆ.

ಇನ್ನೊಂದು ಲೆಕ್ಕವನ್ನು ನೋಡಬೇಕು. ಅತಿಯಾಗಿ ಕೆಟ್ಟ ಒಂದೇ ಒಂದು ಶೇಂಗಾ ಕಾಳಿನಲ್ಲಿ ವಿಷದ ಸಾಂದ್ರತೆಯು ಕಿಲೋಗೆ 10 ಲಕ್ಷ ಮೈಕ್ರೋಗ್ರಾಂ ಮೀರಿರುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಕಾಳಿನ ತೂಕ 0.4 ಗ್ರಾಂ ಎಂದು ಹಿಡಿದರೆ ಆ ಒಂದು ಕಾಳಿನಲ್ಲಿ 400 ಮೈಕ್ರೋಗ್ರಾಂ ವಿಷವಿದ್ದಂತಾಯಿತು. 30 ಕಿಲೋ ಚೀಲದಲ್ಲಿ ಸುಮಾರು 75,000 ಕಾಳುಗಳಿರುತ್ತವೆ. ಉಳಿದವೆಲ್ಲ ಶುದ್ಧವಾಗಿದ್ದು ಅಂಥ ಒಂದೇ ಕಾಳು ಆ ಚೀಲದಲ್ಲಿದ್ದರೂ, ಇಡೀ ಚೀಲವನ್ನು ಅರೆದು ಬೆರೆಸಿದಾಗ ಕಿಲೋಗೆ 13 ಮೈಕ್ರೋಗ್ರಾಂ ಆಗುತ್ತದೆ, ಎಂದರೆ 10ರ ಮಿತಿಯನ್ನು ದಾಟುತ್ತದೆ. ಅಷ್ಟು ಕೆಟ್ಟ ಕಾಳು ಅಪರೂಪ, ನಿಜ. ಆದರೆ ವಿಷವು ಚೀಲದಲ್ಲಿ ಉಪ್ಪಿನಂತೆ ಸಮವಾಗಿ ಹರಡಿರುವುದಿಲ್ಲ, ಅಲ್ಲೊಂದು ಇಲ್ಲೊಂದು ಕಾಳಿನಲ್ಲಿ ಗುಡ್ಡೆಯಾಗಿರುತ್ತದೆ ಎಂಬುದನ್ನು ಈ ಲೆಕ್ಕ ತೋರಿಸುತ್ತದೆ. ಹೀಗಾಗಿ ಚೀಲದ ಬಾಯಿಯಿಂದ ಒಂದು ಹಿಡಿ ತೆಗೆದು ಪರೀಕ್ಷಿಸಿ ‘ಏನೂ ಇಲ್ಲ’ ಎಂದರೆ ಅದನ್ನು ನಂಬುವಂತಿಲ್ಲ. ಚೀಲದ ಮೇಲೆ, ನಡುವೆ, ತಳದಲ್ಲಿ ಹತ್ತಾರು ಕಡೆಯಿಂದ ತೆಗೆದು, ಒಟ್ಟಿಗೆ ಅರೆದು, ಆ ಪುಡಿಯನ್ನು ಪರೀಕ್ಷೆಗೆ ಕೊಡಬೇಕು. ಚಟ್ನಿ ಈಗಾಗಲೇ ಅರೆದು ಬೆರೆತಿರುವುದರಿಂದ, ಇಡಿ ಕಾಳಿನ ವರದಿಗಿಂತ ಚಟ್ನಿಯ ವರದಿಯೇ ಹೆಚ್ಚು ಭರವಸೆಯದು.

ಎಲ್ಲಿಂದ ಎಲ್ಲಿಯವರೆಗೆ

ವರದಿ ಕೈಗೆ ಬಂದ ಮೇಲೆ ತಾಯಿಯ ಮುಂದಿರುವುದು ಒಂದೇ ಪ್ರಶ್ನೆ: ತೊಂದರೆ ಯಾವ ಪೊಟ್ಟಣದಿಂದ ಆರಂಭವಾಗಿ ಯಾವ ಪೊಟ್ಟಣಕ್ಕೆ ಮುಗಿಯುತ್ತದೆ? ಇದಕ್ಕೆ ಉತ್ತರ ಹೇಳುವುದು ಪ್ರಯೋಗಾಲಯವಲ್ಲ, ಅವರ ವಹಿ. ಯಾವ ದಿನ ಯಾವ ಚೀಲ ಒಡೆದೆ, ಅದರಿಂದ ಯಾವ ಬ್ಯಾಚಿಗೆ ಎಷ್ಟು ಕಿಲೋ ಹಾಕಿದೆ ಎಂದು ಅವರು ಬರೆದಿಟ್ಟಿದ್ದಾರೆ. ಆ ಪ್ರಕಾರ, ಸಂಶಯದ 30 ಕಿಲೋ ಚೀಲದಿಂದ 18ನೆಯ ಬ್ಯಾಚಿಗೆ 12 ಕಿಲೋ ಹೋಗಿದೆ, 19ನೆಯದಕ್ಕೆ 12 ಕಿಲೋ ಹೋಗಿದೆ. ಉಳಿದ 6 ಕಿಲೋವನ್ನು 20ನೆಯ ಬ್ಯಾಚಿಗೆ ಹಾಕಿ, ಮಿಕ್ಕ 6 ಕಿಲೋವನ್ನು ಹೊಸ ಚೀಲದಿಂದ ತುಂಬಿದ್ದಾರೆ. ತಳದಲ್ಲಿ ಸಿಕ್ಕಿದ ಒಂದು ಹಿಡಿ ತೂಕಕ್ಕೆ ಬಾರದ ಉಳಿಕೆ. 17ನೆಯ ಬ್ಯಾಚು ಈ ಚೀಲ ಬಿಚ್ಚುವ ಮೊದಲೇ ಮುಗಿದಿತ್ತು. ಅದು ಹಿಂದಿನ ಚೀಲದ್ದು, ಅದರ ಮಾದರಿಯೂ ಪರೀಕ್ಷೆಯಲ್ಲಿ ಸರಿಯಾಗಿ ಬಂದಿತು.

ಇಲ್ಲಿ ಮನಸ್ಸು ಜಾರುವುದು 20ನೆಯ ಬ್ಯಾಚಿನ ವಿಷಯದಲ್ಲಿ. ‘ಅದರಲ್ಲಿ ಅರ್ಧ ಒಳ್ಳೆಯ ಕಾಳಿದೆಯಲ್ಲ, ಬಿಟ್ಟುಬಿಡೋಣ’ ಎನಿಸುತ್ತದೆ. 65 ಪೊಟ್ಟಣಗಳ ನಷ್ಟ ಸಣ್ಣ ಮನೆಗೆ ಸಣ್ಣದಲ್ಲ. ಆದರೆ 38ರ ಅರ್ಧ 19, ಅದೂ ಮಿತಿಗಿಂತ ಮೇಲೆಯೇ. ಅಷ್ಟಲ್ಲದೆ ಕೊನೆಯ 6 ಕಿಲೋ ಚೀಲದ ತಳದ್ದು. ತೇವ ಸಾಮಾನ್ಯವಾಗಿ ಹಿಡಿಯುವುದು ತಳಕ್ಕೇ, ಆದುದರಿಂದ ಸರಾಸರಿ ಲೆಕ್ಕ ಅಲ್ಲಿ ಸುಳ್ಳಾಗಬಹುದು. ಕೆಟ್ಟದ್ದನ್ನು ಒಳ್ಳೆಯದರಲ್ಲಿ ಬೆರೆಸಿ ಮಿತಿಯೊಳಗೆ ತರುವ ಉಪಾಯವನ್ನು ಆಹಾರದ ವ್ಯವಹಾರದಲ್ಲಿ ಯಾರೂ ಕೈಗೊಳ್ಳಬಾರದು. 20ನೆಯದೂ ಸೂಚನೆಯಲ್ಲಿ ಸೇರಲೇಬೇಕು.

ಮೂರು ಬ್ಯಾಚು ಸೇರಿ 195 ಪೊಟ್ಟಣ. ಮಾರಾಟದ ವಹಿಯ ಪ್ರಕಾರ 52 ಇನ್ನೂ ಮನೆಯಲ್ಲೇ ಇವೆ. 63 ನಾಲ್ಕು ಅಂಗಡಿಗಳಿಗೆ ಹೋಗಿವೆ. 40 ಒಂದು ಪ್ರಸಾದ ನಿಲಯದ ಅಡುಗೆಮನೆಗೆ ಹೋಗಿವೆ. 40 ಮನೆಬಾಗಿಲಲ್ಲೇ ಮಾರಾಟವಾಗಿವೆ. ತಾಯಿ ಮೊದಲು ಮಾಡಬೇಕಾದದ್ದು ಫೋನು, ಕಾಗದವಲ್ಲ. ಪ್ರಸಾದ ನಿಲಯಕ್ಕೆ ಮೊದಲ ಕರೆ, ಏಕೆಂದರೆ ಅಲ್ಲಿ ಒಂದೇ ಹೊತ್ತಿಗೆ ಹೆಚ್ಚು ಎಲೆಗಳಿಗೆ ಅದು ಬೀಳುತ್ತದೆ, ತಿನ್ನುವವರು ಬೆಳೆಯುವ ಮಕ್ಕಳು. ಆಮೇಲೆ ಅಂಗಡಿಗಳು. ಅಲ್ಲಿ 37 ಪೊಟ್ಟಣಗಳು ಮಾರಾಟವಾಗದೆ ಸಿಕ್ಕವು, 26 ಯಾರಾರ ಕೈಗೋ ಹೋಗಿದ್ದವು. ಮನೆಯಲ್ಲಿ ಮಾರಿದ 40ರಲ್ಲಿ 26 ಒಯ್ದವರು ಪರಿಚಯದವರು, ಅವರಿಗೆ ಕರೆ ಹೋಯಿತು. 14ರ ಗುರುತಿಲ್ಲ. ಹೀಗೆ 26 ಮತ್ತು 14, ಒಟ್ಟು 40 ಪೊಟ್ಟಣಗಳು ಎಲ್ಲಿವೆಯೆಂದು ಯಾರಿಗೂ ತಿಳಿಯದು. ಅಂಗಡಿಯ ಬಾಗಿಲಿಗೆ ಅಂಟಿಸುವ ಸೂಚನೆ ಇರುವುದು ಈ 40 ಪೊಟ್ಟಣಗಳಿಗಾಗಿ.

ವಹಿ ಇಲ್ಲದಿದ್ದರೆ ಏನಾಗುತ್ತಿತ್ತು? ಚೀಲ ಯಾವುದು, ಬ್ಯಾಚು ಯಾವುದು ಎಂದು ತಿಳಿಯದೆ ಎರಡು ಮೂರು ತಿಂಗಳಲ್ಲಿ ಮಾಡಿದ ಚಟ್ನಿಯನ್ನೆಲ್ಲ ಹಿಂದಕ್ಕೆ ಕರೆಯಬೇಕಾಗುತ್ತಿತ್ತು. ಇಲ್ಲವೇ, ಇದು ಹೆಚ್ಚು ಅಪಾಯದ ದಾರಿ, ಸುಮ್ಮನಿರಬೇಕಾಗುತ್ತಿತ್ತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 28ನೆಯ ಕಲಮು, ತಾನು ಮಾರಿದ ಆಹಾರ ನಿಯಮಕ್ಕೆ ಹೊಂದುವುದಿಲ್ಲವೆಂದು ನಂಬಲು ಕಾರಣವಿದ್ದರೆ ತಯಾರಕನು ಕೂಡಲೇ ಅದನ್ನು ಹಿಂಪಡೆದು, ಕಾರಣ ಹೇಳಿ, ಅಧಿಕಾರಿಗಳಿಗೆ ತಿಳಿಸಬೇಕೆನ್ನುತ್ತದೆ. ಹಿಂಪಡೆಯುವ ಕ್ರಮವನ್ನು ವಿವರಿಸುವ ನಿಯಮಾವಳಿ 2017ರಲ್ಲಿ ಬಂದಿದೆ. ಯಾರಿಗೆ ಎಷ್ಟು ಮಾರಿದೆವೆಂಬ ದಾಖಲೆಯನ್ನು ಪದಾರ್ಥದ ಬಾಳಿಕೆಯ ದಿನಾಂಕ ಕಳೆದು ಒಂದು ವರ್ಷದವರೆಗೆ ಇಟ್ಟಿರಬೇಕೆಂದು ಅದು ಹೇಳುತ್ತದೆ. ಸಣ್ಣ ತಯಾರಕರು ಇದನ್ನು ಸರ್ಕಾರದ ಕಿರಿಕಿರಿಯೆಂದು ತಿಳಿಯುವುದುಂಟು. ಮೇಲಿನ ಲೆಕ್ಕವನ್ನು ನೋಡಿದರೆ, ಆ ವಹಿ ಕಾಪಾಡಿದ್ದು ಮೊದಲು ತಯಾರಕರನ್ನೇ: ನಷ್ಟ 195 ಪೊಟ್ಟಣಗಳಿಗೆ ನಿಂತಿತು.

ಸೂಚನಾಪತ್ರ

ಈಗ ಕಾಗದವನ್ನು ನೋಡೋಣ. ನಮ್ಮ ಪ್ರಸಂಗದ ತಾಯಿ ಹೀಗೆ ಬರೆದರೆ ಸರಿ ಎನ್ನುತ್ತೇವೆ:

‘ಗ್ರಾಹಕರ ಗಮನಕ್ಕೆ. ನಾವು ತಯಾರಿಸಿದ ಶೇಂಗಾ ಚಟ್ನಿ, 200 ಗ್ರಾಂ ಪೊಟ್ಟಣ, ಬ್ಯಾಚ್ ಸಂಖ್ಯೆ 18, 19 ಮತ್ತು 20, ತಯಾರಿಸಿದ ದಿನಾಂಕ ಜನವರಿ 6, 8 ಮತ್ತು 11. ಈ ಮೂರು ಬ್ಯಾಚಿನ ಚಟ್ನಿಯನ್ನು ದಯವಿಟ್ಟು ತಿನ್ನಬೇಡಿರಿ. ಇವುಗಳಿಗೆ ಬಳಸಿದ ಒಂದು ಚೀಲ ಶೇಂಗಾದಲ್ಲಿ ಬೂಷ್ಟಿನಿಂದಾಗುವ ಅಫ್ಲಾಟಾಕ್ಸಿನ್ ಎಂಬ ವಿಷವು ಮಿತಿಗಿಂತ ಹೆಚ್ಚು ಇರುವುದು ಪರೀಕ್ಷೆಯಲ್ಲಿ ಕಂಡುಬಂದಿದೆ. ಹುರಿದರೆ, ಕುದಿಸಿದರೆ ಅದು ಹೋಗುವುದಿಲ್ಲ, ರುಚಿಯಿಂದ ತಿಳಿಯುವುದಿಲ್ಲ. ಪೊಟ್ಟಣ ಒಡೆದಿದ್ದರೂ, ಅರ್ಧ ತಿಂದಿದ್ದರೂ ನಮಗೆ ತಂದುಕೊಡಿರಿ. ಪೂರ್ತಿ ಹಣ ಮರಳಿಸುತ್ತೇವೆ, ರಸೀದಿ ಬೇಕಾಗಿಲ್ಲ. ದನ, ಎಮ್ಮೆ, ಕೋಳಿಗಳಿಗೆ ಹಾಕಬೇಡಿರಿ. ಪೊಟ್ಟಣ ಬಿಸಾಡಿ ಡಬ್ಬಿಯಲ್ಲಿ ತುಂಬಿಟ್ಟಿದ್ದು, ಜನವರಿ 6ರ ನಂತರ ಕೊಂಡದ್ದಾದರೆ, ಇದೇ ಬ್ಯಾಚಿನದೆಂದು ತಿಳಿದು ಮರಳಿಸಿರಿ. ಸ್ವಲ್ಪ ತಿಂದವರು ಹೆದರುವ ಕಾರಣವಿಲ್ಲ. ಕಣ್ಣು ಹಳದಿಯಾಗುವುದು, ಹೊಟ್ಟೆ ಅಥವಾ ಕಾಲು ಬಾಯುವುದು ಕಂಡರೆ ವೈದ್ಯರಿಗೆ ತೋರಿಸಿ ಈ ಕಾಗದದ ವಿಷಯ ಹೇಳಿರಿ. ಬೇರೆ ಬ್ಯಾಚುಗಳಿಗೆ ಈ ಚೀಲದ ಶೇಂಗಾ ಬಳಸಿಲ್ಲ. ಆಹಾರ ಸುರಕ್ಷತಾ ಅಧಿಕಾರಿಗಳಿಗೆ ತಿಳಿಸಿದ್ದೇವೆ.’

ಕೆಳಗೆ ತಯಾರಕರ ಹೆಸರು, ವಿಳಾಸ, ಫೋನು, ಪೊಟ್ಟಣದ ಮೇಲಿರುವ 14 ಅಂಕಿಯ ನೋಂದಣಿ ಸಂಖ್ಯೆ, ಕಾಗದ ಅಂಟಿಸಿದ ದಿನಾಂಕ.

ಇದರಲ್ಲಿ ಕ್ಷಮೆಯ ಉದ್ದ ಮಾತಿಲ್ಲ, ಹೆದರಿಸುವ ಮಾತೂ ಇಲ್ಲ. ಮೊದಲ ವಾಕ್ಯಗಳಲ್ಲೇ ಯಾವುದು, ಏನು ಮಾಡಬೇಕು ಎಂಬುದಿದೆ, ಕಾರಣ ಆಮೇಲೆ. ಅಂಗಡಿಗೆ ಬಂದವರು ನಿಂತು ಓದುವುದು ಮೊದಲ ಎರಡು ಸಾಲು ಮಾತ್ರ ಎಂಬುದನ್ನು ಬರೆದವರು ಅರಿತಿದ್ದಾರೆ. ಇದರ ಬದಲು ‘ಅನಿವಾರ್ಯ ಕಾರಣಗಳಿಂದ ಕೆಲವು ಪೊಟ್ಟಣಗಳನ್ನು ಹಿಂಪಡೆಯಲಾಗುತ್ತಿದೆ, ಗ್ರಾಹಕರು ಸಹಕರಿಸಬೇಕು’ ಎಂದು ಬರೆದಿದ್ದರೆ? ಕೆಲವು ಎಂದರೆ ಯಾವುವು? ಕಾರಣವೇನು? ಓದಿದವರು ತಮ್ಮದು ಆ ಕೆಲವರಲ್ಲಿ ಸೇರಿಲ್ಲವೆಂದುಕೊಂಡು ತಿನ್ನುತ್ತಾರೆ, ಇಲ್ಲವೇ ಆ ಮನೆಯ ಯಾವ ಪದಾರ್ಥವನ್ನೂ ಇನ್ನು ಮುಟ್ಟುವುದಿಲ್ಲ. ಶಾಂತವಾದ ಮಾತೆಂದರೆ ಮುಚ್ಚಿಟ್ಟ ಮಾತಲ್ಲ. ವಿಷವೆಂಬ ಶಬ್ದವನ್ನು ಬಳಸಿಯೂ ಶಾಂತವಾಗಿ ಹೇಳಬಹುದು, ಸಂಖ್ಯೆ ಖಚಿತವಾಗಿದ್ದರೆ.

ಡಬ್ಬಿಯ ವಾಕ್ಯವನ್ನು ವಿಶೇಷವಾಗಿ ಗಮನಿಸಿರಿ. ನಮ್ಮ ಮನೆಗಳಲ್ಲಿ ಪೊಟ್ಟಣ ತಂದ ಕೂಡಲೇ ಸ್ಟೀಲಿನ ಡಬ್ಬಿಗೆ ಸುರಿದು ಪೊಟ್ಟಣವನ್ನು ಬಿಸಾಡುವುದು ರೂಢಿ. ಅಲ್ಲಿಗೆ ಬ್ಯಾಚ್ ಸಂಖ್ಯೆ ಹೋಯಿತು. ಹಳೆಯ ಚಟ್ನಿಯ ಮೇಲೆಯೇ ಹೊಸದನ್ನು ಸುರಿದಿದ್ದರೆ ಡಬ್ಬಿಯೆಲ್ಲವೂ ಸಂಶಯಕ್ಕೆ ಸೇರಿತು. ದಾಸೋಹದ ಮತ್ತು ಪ್ರಸಾದ ನಿಲಯದ ಉಗ್ರಾಣಗಳಲ್ಲಿ ಇದು ಇನ್ನೂ ತೊಡಕಿನದು. ಭಕ್ತರು ಬೇರೆ ಬೇರೆ ಕಡೆಯಿಂದ ತಂದೊಪ್ಪಿಸಿದ ಚಟ್ನಿ, ಶೇಂಗಾ, ಬೇಳೆಗಳನ್ನು ಒಂದೇ ದೊಡ್ಡ ಡಬ್ಬಿಗೆ ಸುರಿದರೆ ಯಾರದು ಯಾವುದೆಂಬ ಗುರುತು ಉಳಿಯದು, ಒಂದು ಸೂಚನೆ ಬಂದಾಗ ಎಲ್ಲವನ್ನೂ ಚೆಲ್ಲಬೇಕಾಗುತ್ತದೆ. ಪೊಟ್ಟಣದ ಹಿಂಬದಿಯ ತುಂಡನ್ನು ಕತ್ತರಿಸಿ ಡಬ್ಬಿಯೊಳಗೆ ಮೇಲ್ಗಡೆ ಇಟ್ಟರೆ ಸಾಕು, ಖರ್ಚಿಲ್ಲದ ಕೆಲಸ. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಗೆ ಬಂದ ನೆಂಟರು ಪುಣೆಗೋ ಸೊಲ್ಲಾಪುರಕ್ಕೋ ಚಟ್ನಿ ಒಯ್ದಿದ್ದರೆ ಅವರಿಗೆ ಫೋನು ಮಾಡಿ ಹೇಳುವುದು ಕೊಟ್ಟು ಕಳಿಸಿದವರ ಕೆಲಸ. ಬಾಗಿಲ ಮೇಲಿನ ಕಾಗದ ಅಷ್ಟು ದೂರ ಹೋಗುವುದಿಲ್ಲ.

ತಿಂದವರು ಎಷ್ಟು ಚಿಂತಿಸಬೇಕು

ಸೂಚನೆಯಲ್ಲಿ ‘ಸ್ವಲ್ಪ ತಿಂದವರು ಹೆದರುವ ಕಾರಣವಿಲ್ಲ’ ಎಂದಿದೆ. ಇದು ಸಮಾಧಾನಕ್ಕಾಗಿ ಹೇಳಿದ ಮಾತೋ, ಲೆಕ್ಕದ ಮಾತೋ? ಕಿಲೋಗೆ 38 ಮೈಕ್ರೋಗ್ರಾಂ ಇರುವ ಚಟ್ನಿಯನ್ನು ದಿನಕ್ಕೆ 20 ಗ್ರಾಂ ತಿಂದರೆ ದೇಹಕ್ಕೆ ಹೋಗುವ ವಿಷ ಮುಕ್ಕಾಲು ಮೈಕ್ರೋಗ್ರಾಂ. ಇದನ್ನು ನಡೆದ ಎರಡು ಘಟನೆಗಳ ಪಕ್ಕದಲ್ಲಿಟ್ಟು ನೋಡಬೇಕು.

1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಬುಡಕಟ್ಟು ಹಳ್ಳಿಗಳಲ್ಲಿ ಅಕಾಲ ಮಳೆಗೆ ಸಿಕ್ಕು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಬೇರೆ ಗತಿಯಿಲ್ಲದೆ ವಾರಗಟ್ಟಲೆ ತಿಂದವರಿಗೆ ಕಾಮಾಲೆ ಬಂದು ಹೊಟ್ಟೆಯಲ್ಲಿ ನೀರು ತುಂಬಿತು. ಸುಮಾರು 400 ಜನ ಬಿದ್ದರು, 100ಕ್ಕೂ ಹೆಚ್ಚು ಜನ ಸತ್ತರು. ಅವರು ದಿನಕ್ಕೆ ತಿಂದದ್ದು 2ರಿಂದ 6 ಮಿಲಿಗ್ರಾಂ ವಿಷವೆಂದು ಅಂದಾಜು, ಎಂದರೆ 2,000ದಿಂದ 6,000 ಮೈಕ್ರೋಗ್ರಾಂ. ನಮ್ಮ ಚಟ್ನಿಯ ಮುಕ್ಕಾಲು ಮೈಕ್ರೋಗ್ರಾಂಗೂ ಇದಕ್ಕೂ ಸಾವಿರಾರು ಪಟ್ಟು ಅಂತರವಿದೆ. ಆದುದರಿಂದ ಕೆಲವು ದಿನ ಚಟ್ನಿ ತಿಂದವರಿಗೆ ತಟ್ಟನೆ ಕಾಮಾಲೆ ಬರುತ್ತದೆಂದು ಹೆದರಬೇಕಾಗಿಲ್ಲ. ವಾಂತಿ ಮಾಡಿಸುವುದು, ಯಾವುದೋ ಕಷಾಯ ಕುಡಿಸುವುದು ಬೇಡ. ಈ ವಿಷಕ್ಕೆ ಬೇರೆ ಮದ್ದಿಲ್ಲ, ತಿನ್ನುವುದನ್ನು ನಿಲ್ಲಿಸುವುದೇ ಮದ್ದು.

ಎರಡನೆಯ ಘಟನೆ ನಮ್ಮ ನಾಡಿನದೇ, ಮೈಸೂರಿನದು. ಅಪೌಷ್ಟಿಕತೆಯಿಂದ ಬಳಲುತ್ತಿದ್ದ ಮಕ್ಕಳಿಗೆ ಪೌಷ್ಟಿಕಾಂಶಕ್ಕೆಂದು ಶೇಂಗಾ ಹಿಟ್ಟನ್ನು ಕೊಡಲಾಗುತ್ತಿತ್ತು. ಉದ್ದೇಶ ಒಳ್ಳೆಯದೇ, ಆದರೆ ಒಂದು ಹಿಟ್ಟಿನಲ್ಲಿ ಕಿಲೋಗೆ ಸುಮಾರು 300 ಮೈಕ್ರೋಗ್ರಾಂ ಅಫ್ಲಾಟಾಕ್ಸಿನ್ ಇದ್ದುದು ಆಮೇಲೆ ತಿಳಿಯಿತು. ಕೆಲವು ದಿನಗಳಿಂದ ಒಂದು ತಿಂಗಳವರೆಗೆ ಅದನ್ನು ತಿಂದಿದ್ದ 20 ಮಕ್ಕಳಲ್ಲಿ ಯಕೃತ್ತು ದೊಡ್ಡದಾದುದು, ಕಾಲಕ್ರಮದಲ್ಲಿ ಕೆಲವರಲ್ಲಿ ಅದು ಗಟ್ಟಿಯಾಗಿ ಕೆಟ್ಟುದು ಕಂಡುಬಂದಿತೆಂದು ವೈದ್ಯರೂ ವಿಜ್ಞಾನಿಗಳೂ ಸೇರಿ 1971ರಲ್ಲಿ ವರದಿ ಪ್ರಕಟಿಸಿದರು. ದಿನಕ್ಕೆ 30ರಿಂದ 50 ಗ್ರಾಂ ಹಿಟ್ಟಿನ ಲೆಕ್ಕದಲ್ಲಿ ಆ ಮಕ್ಕಳ ಹೊಟ್ಟೆಗೆ ಹೋದ ವಿಷ 9ರಿಂದ 15 ಮೈಕ್ರೋಗ್ರಾಂ. ಗುಜರಾತಿನ ಲೆಕ್ಕಕ್ಕೆ ಹೋಲಿಸಿದರೆ ಇದು ಎಷ್ಟೋ ಕಡಿಮೆ. ಆದರೆ ತಿಂದವರು ಮೊದಲೇ ಸೊರಗಿದ್ದ ಕೂಸುಗಳು. ಒಂದೇ ಪ್ರಮಾಣ ಎಲ್ಲರಿಗೂ ಒಂದೇ ಅಲ್ಲ. ಸಣ್ಣ ದೇಹ, ಬಡಕಲು ದೇಹ, ಮೊದಲೇ ಯಕೃತ್ತಿನ ತೊಂದರೆಯಿರುವ ದೇಹ, ವಿಶೇಷವಾಗಿ ಹೆಪಟೈಟಿಸ್ ಬಿ ಸೋಂಕು ಇರುವ ದೇಹ ಇದನ್ನು ಕಡಿಮೆ ತಡೆದುಕೊಳ್ಳುತ್ತದೆ.

ದೊಡ್ಡವರ ಮಟ್ಟಿಗೆ ನಿಜವಾದ ಅಪಾಯ ಒಂದು ಪೊಟ್ಟಣದ್ದಲ್ಲ, ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಒಳಗೆ ಹೋಗುವುದರದು. ಅಫ್ಲಾಟಾಕ್ಸಿನ್ ಮನುಷ್ಯರಲ್ಲಿ ಯಕೃತ್ತಿನ ಕ್ಯಾನ್ಸರಿಗೆ ಕಾರಣವೆಂಬುದು ಸಂಶಯವಿಲ್ಲದೆ ಸಿದ್ಧವಾಗಿರುವ ಮಾತು. ಹೆಪಟೈಟಿಸ್ ಬಿ ಜೊತೆಗೂಡಿದರೆ ಅಪಾಯ ಹಲವು ಪಟ್ಟಾಗುತ್ತದೆ. ಮಿತಿಯನ್ನು ಅಷ್ಟು ಕೆಳಗೆ, 10ರಲ್ಲಿ ಇಟ್ಟಿರುವುದು ಒಂದು ದಿನದ ಊಟಕ್ಕಾಗಿ ಅಲ್ಲ, ಬಾಳಿನುದ್ದಕ್ಕೂ ತಿನ್ನುವ ಊಟಕ್ಕಾಗಿ. ‘ಹೆದರಬೇಡಿರಿ’ ಮತ್ತು ‘ತಿನ್ನಬೇಡಿರಿ’ ಎಂಬ ಎರಡೂ ಮಾತುಗಳು ಒಂದೇ ಕಾಗದದಲ್ಲಿ ವಿರೋಧವಿಲ್ಲದೆ ಇರುವುದು ಹೀಗೆ.

ದನಕ್ಕೂ ಬೇಡ

ಕೆಟ್ಟ ಕಾಳು ಮನುಷ್ಯರಿಗೆ ಬೇಡವಾದರೆ ದನಕ್ಕಿರಲಿ ಎನ್ನುವುದು ಒಕ್ಕಲುತನದ ಮನೆಗಳ ಹಳೆಯ ಮಿತವ್ಯಯ. ಇಲ್ಲಿ ಅದು ತಿರುಗಿ ಬರುತ್ತದೆ. ಆಕಳು ಎಮ್ಮೆಗಳು ತಿಂದ ಅಫ್ಲಾಟಾಕ್ಸಿನ್ನಿನ ಒಂದು ಪಾಲು ರೂಪ ಬದಲಿಸಿ ಹಾಲಿನಲ್ಲಿ ಇಳಿಯುತ್ತದೆ. ಹಾಲು ಕಾಯಿಸಿದರೂ ಅದು ಹೋಗುವುದಿಲ್ಲ. ಆ ಹಾಲು ಕುಡಿಯುವವರು ಮನೆಯ ಮಕ್ಕಳೇ. ಹಾಲಿಗೆ ನಿಯಮ ಇಟ್ಟಿರುವ ಮಿತಿ ಕಿಲೋಗೆ ಅರ್ಧ ಮೈಕ್ರೋಗ್ರಾಂ ಮಾತ್ರ. ಗಾಣದಿಂದ ಬಂದ ಶೇಂಗಾ ಹಿಂಡಿಗೂ ಇದೇ ಮಾತು ಸಲ್ಲುತ್ತದೆ. (ನಮ್ಮ ಕಡೆ ಚಟ್ನಿಯನ್ನೂ ಹಿಂಡಿಯೆನ್ನುವ ರೂಢಿಯಿದೆ. ಇಲ್ಲಿ ಹೇಳಿದ್ದು ದನದ ಹಿಂಡಿ.) ಕೆಟ್ಟ ಕಾಳನ್ನು ಗಾಣಕ್ಕೆ ಹಾಕಿದರೆ ವಿಷದ ಹೆಚ್ಚಿನ ಪಾಲು ಎಣ್ಣೆಗೆ ಹೋಗದೆ ಹಿಂಡಿಯಲ್ಲೇ ಉಳಿಯುತ್ತದೆ. ಕೋಳಿಮರಿಗಳಂಥ ಹಕ್ಕಿಗಳು ಇದಕ್ಕೆ ಇನ್ನೂ ಬೇಗ ಬಲಿಯಾಗುತ್ತವೆ. ಈ ವಿಷ ಜಗತ್ತಿಗೆ ಮೊದಲು ಗೊತ್ತಾದದ್ದೇ ಹಾಗೆ: 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷ ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು, ಹುಡುಕಿದಾಗ ಅವುಗಳ ಮೇವಿನಲ್ಲಿದ್ದ ಬ್ರೆಜಿಲ್ ದೇಶದ ಶೇಂಗಾ ಹಿಂಡಿಯಲ್ಲಿ ಅದು ಸಿಕ್ಕಿತು.

ಆದುದರಿಂದ ಪೊಟ್ಟಣವನ್ನು ತಿಪ್ಪೆಗೂ ಎಸೆಯದೆ ತಯಾರಕರಿಗೇ ಮರಳಿಸುವುದು ಒಳ್ಳೆಯದು. ಎಷ್ಟು ಮರಳಿ ಬಂದವೆಂದು ಎಣಿಸಿದರೆ ತಾನೇ ಆ 40ರಲ್ಲಿ ಇನ್ನೆಷ್ಟು ಹೊರಗಿವೆಯೆಂದು ಅವರಿಗೆ ತಿಳಿಯುವುದು. ಬಂದದ್ದನ್ನು ಅವರು ಮಾರಾಟದ ಪೊಟ್ಟಣಗಳಿಂದ ದೂರವಿಟ್ಟು, ‘ಮಾರುವುದಕ್ಕಲ್ಲ’ ಎಂದು ಬರೆದು, ಅಧಿಕಾರಿಗಳಿಗೆ ತೋರಿಸಿ, ದನಕರುಗಳು ಮುಟ್ಟದಂತೆ ನಾಶಮಾಡಬೇಕು. ಮರಳಿಸಲಾಗದಷ್ಟು ದೂರ ಇರುವವರು ಸಂಖ್ಯೆಯ ಚಿತ್ರವನ್ನು ಫೋನಿನಲ್ಲಿ ಕಳಿಸಿ, ಚಟ್ನಿಯನ್ನು ಆಳದ ಗುಂಡಿಯಲ್ಲಿ ಹೂಳಬೇಕು. ಡಬ್ಬಿಯನ್ನು ಒರೆಸಿದರೆ ಸಾಲದು, ಸೋಪಿನಲ್ಲಿ ತೊಳೆದು ಒಣಗಿಸಿಯೇ ಮುಂದಿನ ಚಟ್ನಿ ತುಂಬಬೇಕು.

ಸೂಚನೆ ಹಾಕದ ತಯಾರಕರ ಪೊಟ್ಟಣದ ಬಗ್ಗೆ ಸಂಶಯ ಬಂದರೆ ಮೊದಲು ಅವರಿಗೇ ಬ್ಯಾಚ್ ಸಂಖ್ಯೆ ಸಹಿತ ತಿಳಿಸಿರಿ. ಅವರು ಕಿವಿಗೊಡದಿದ್ದರೆ ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳಿಗೆ, ಇಲ್ಲವೇ ರಾಷ್ಟ್ರೀಯ ಆಹಾರ ಸುರಕ್ಷತಾ ಪ್ರಾಧಿಕಾರದ 1800 112 100 ಎಂಬ ಉಚಿತ ದೂರವಾಣಿಗೆ ದೂರು ಕೊಡಬಹುದು. ಉಳಿದ ಚಟ್ನಿಯನ್ನು ಪೊಟ್ಟಣ ಸಹಿತ ಕಟ್ಟಿ ಬೇರೆ ಇಡಿರಿ, ಪರೀಕ್ಷೆಗೆ ಅದೇ ಬೇಕಾಗುತ್ತದೆ. ಮನೆಯಲ್ಲಿಯೇ ಕುಟ್ಟುವವರು ಹುರಿಯುವ ಮೊದಲು ಸುಕ್ಕಿದ, ಮುರಿದ, ಬಣ್ಣಗೆಟ್ಟ ಕಾಳುಗಳನ್ನು ಮೊರದಲ್ಲಿ ಆರಿಸಿ ತೆಗೆಯಬೇಕು. ವಿಷದ ಹೆಚ್ಚಿನ ಪಾಲು ಇರುವುದು ಆ ಕಾಳುಗಳಲ್ಲಿಯೇ. ಹುರಿದು ಸಿಪ್ಪೆ ತೂರಿದ ಮೇಲೆ ಇನ್ನೊಮ್ಮೆ ಆರಿಸುವುದು ಒಳಿತು, ಕಂದಿದ ಬೇಳೆಗಳು ಆಗ ಚೆನ್ನಾಗಿ ಕಾಣುತ್ತವೆ. ಆರಿಸಿ ತೆಗೆದದ್ದನ್ನು ದನದ ಕಲಗಚ್ಚಿಗೆ ಹಾಕದೆ ಒಲೆಗೆ ಹಾಕಿರಿ.